ಬಳೆ ಅಡವಿಡುವ ಮೊದಲು: ಚಿನ್ನದ ಸಾಲ, ಸಂಘದ ಸಾಲ ಎರಡರ ಲೆಕ್ಕ ಹಾಕುವುದು ಹೇಗೆ

ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮ ಚಿಕ್ಕಮ್ಮನ ಮನೆಗೆ ಒಂದು ಲಕ್ಷ ರೂಪಾಯಿ ಬೇಕಾಯಿತು. ಮಗನ ಫೀಸು, ಹಾಸ್ಟೆಲ್ ಅಡ್ವಾನ್ಸ್ ಎಲ್ಲ ಸೇರಿ. ತಿಪಟೂರು ಕಡೆಯ ಹಳ್ಳಿ ಅವರದು. ತೆಂಗಿನ ತೋಟ ಇದೆ, ಎರಡು ಹಸು ಇವೆ. ಅಟ್ಟದ ಮೇಲೆ ಕಾಯಿ ಒಣಗುತ್ತಿತ್ತು. ಆದರೆ ಅದು ಕೊಬ್ಬರಿಯಾಗಿ ಮಾರಾಟಕ್ಕೆ ಬರಲು ಇನ್ನೂ ಏಳು ತಿಂಗಳು ಬೇಕಿತ್ತು. ಮನೆಯಲ್ಲಿ ಕೈಗೆ ಸಿಗುವಂತೆ ಇದ್ದದ್ದು ಎರಡು: ಬೀರುವಿನಲ್ಲಿ ಚಿನ್ನ, ಊರಲ್ಲಿ ಸ್ತ್ರೀಶಕ್ತಿ ಸಂಘ.

"ಎಲ್ಲ ಚಿನ್ನ ಒಂದೇ ಸಲ ಇಟ್ಟುಬಿಡ್ಲೇನೇ? ಒಂದೇ ಓಡಾಟ" ಅಂತ ಫೋನ್ ಮಾಡಿದ್ದರು. ಬೇಡ ಚಿಕ್ಕಮ್ಮ, ಒಂದು ದಿನ ತಾಳಿ, ಲೆಕ್ಕ ಹಾಕೋಣ ಅಂದೆ. ಆ ಭಾನುವಾರ ಇಬ್ಬರೂ ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಚಿನ್ನದ ಬೆಲೆ, ಬಡ್ಡಿ ದರ ದಿನದಿನಕ್ಕೆ ಬದಲಾಗುತ್ತವೆ. ನೀವು ಓದುವ ದಿನದ ಅಂಕಿ ಹಾಕಿಕೊಳ್ಳಿ, ಲೆಕ್ಕದ ದಾರಿ ಮಾತ್ರ ಇದೇ.

ಮೊದಲು: ವಾಪಸ್ ಕಟ್ಟುವ ದುಡ್ಡು ಎಲ್ಲಿಂದ, ಯಾವಾಗ ಬರುತ್ತದೆ?

ಬಡ್ಡಿ ಎಷ್ಟು ಅನ್ನೋದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಚಿಕ್ಕಮ್ಮನ ಮನೆಗೆ ದುಡ್ಡು ಬರುವ ದಾರಿ ಎರಡು. ಒಂದು, ಕೊಬ್ಬರಿ. ಜನವರಿಯಲ್ಲಿ ಮಾರಿದರೆ ಒಂದೇ ಗಂಟು ಬರುತ್ತದೆ. ಹೋದ ಸಲದ ಬೆಲೆಗಿಂತ ಕಡಿಮೆಯೇ ಹಿಡಿದರೂ 60,000 ಸಿಗುವುದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. ಇನ್ನೊಂದು, ಹಾಲಿನ ಡೈರಿಯ ಬಟವಾಡೆ. ಬೂಸಾ, ಹಿಂಡಿ ಖರ್ಚು ಕಳೆದು ತಿಂಗಳಿಗೆ ಐದರಿಂದ ಆರು ಸಾವಿರ ಉಳಿಯುತ್ತಿತ್ತು.

ಒಂದೇ ಗಂಟಾಗಿ, ಗೊತ್ತಿರುವ ತಿಂಗಳಲ್ಲಿ ಬರುವ ದುಡ್ಡಿಗೆ ಚಿನ್ನದ ಸಾಲ ಹೊಂದುತ್ತದೆ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಬರುವ ದುಡ್ಡಿಗೆ ಸಂಘದ ಸಾಲ ಹೊಂದುತ್ತದೆ. ಇದನ್ನು ಅದಲುಬದಲು ಮಾಡಿದಾಗಲೇ ತೊಂದರೆ. ತಿಂಗಳ ದುಡಿಮೆಯಲ್ಲಿ ಬದುಕುವ ಮನೆಯವರು ವರ್ಷದ ಕೊನೆಗೆ ಒಟ್ಟಿಗೆ ಕಟ್ಟುತ್ತೇವೆ ಅಂತ ಚಿನ್ನ ಇಡುತ್ತಾರೆ. ವರ್ಷದ ಕೊನೆಗೆ ಒಂದು ಲಕ್ಷ ಎಲ್ಲಿಂದ ಬರಬೇಕು? ಬಡ್ಡಿ ಕಟ್ಟಿ ಮತ್ತೆ ಒಂದು ವರ್ಷಕ್ಕೆ ಮುಂದೆ ಹಾಕುತ್ತಾರೆ. ಹೀಗೆ ನಾಲ್ಕೈದು ವರ್ಷ ಬಡ್ಡಿ ಕಟ್ಟಿ, ಅಸಲು ಹಾಗೇ ಉಳಿದು, ಬಳೆ ಲಾಕರಿನಲ್ಲೇ ಕೂತ ಮನೆಗಳು ನನಗೆ ಗೊತ್ತು.

ನಿಮ್ಮ ಮನೆಗೆ ದುಡ್ಡು ಬರುವ ತಾರೀಖನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದಕ್ಕೆ ತಾರೀಖೇ ಬರೆಯಲು ಆಗದಿದ್ದರೆ ಚಿನ್ನ ಇಡುವ ಮೊದಲು ಇನ್ನೊಂದು ಸಲ ಯೋಚಿಸಿ.

ಎರಡನೆಯದು: ಮನೆಯಲ್ಲೇ ತೂಕ, ಮನೆಯಲ್ಲೇ ಫೋಟೋ

ಚಿಕ್ಕಮ್ಮನ ಹತ್ತಿರ ಇದ್ದದ್ದು ಎರಡು ಬಳೆ, ಒಂದು ಪದಕದ ಸರ. ಬಳೆ ಎರಡೂ ಸೇರಿ 16 ಗ್ರಾಂ, 916 ಹಾಲ್‌ಮಾರ್ಕ್. ಸರ 14 ಗ್ರಾಂ, ಅವರ ತವರಿನಲ್ಲಿ ಊರ ಅಕ್ಕಸಾಲಿಗರು ಮಾಡಿಕೊಟ್ಟ ಹಳೆಯ ಒಡವೆ. ಒಟ್ಟು 30 ಗ್ರಾಂ. 22 ಕ್ಯಾರೆಟ್ ಚಿನ್ನಕ್ಕೆ ಗ್ರಾಂಗೆ 9,000 ರೂಪಾಯಿ ಹಿಡಿದರೆ 2,70,000 ಆಯಿತು ಅಂತ ಅವರ ಲೆಕ್ಕ.

ಸಾಲ ಕೊಡುವವರ ಲೆಕ್ಕ ಹೀಗಿರುವುದಿಲ್ಲ. ಅವರು ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ. ಕಲ್ಲು, ಮುತ್ತು, ಒಳಗೆ ತುಂಬಿದ ಅರಗು, ದಾರ, ಕರಿಮಣಿ ಎಲ್ಲ ಕಳೆಯುತ್ತಾರೆ. ಮಾಡಿಸಿದ ಕೂಲಿ, ವೇಸ್ಟೇಜ್ ಲೆಕ್ಕಕ್ಕೇ ಬರುವುದಿಲ್ಲ. ಪದಕದಲ್ಲಿ ಕೆಂಪು ಕಲ್ಲು, ಅರಗು ಸೇರಿ 2 ಗ್ರಾಂ ಹೋಯಿತು. ಉಳಿದ 12 ಗ್ರಾಂ ಒರೆಗೆ ಹಚ್ಚಿದಾಗ 20 ಕ್ಯಾರೆಟ್ ಬಂತು. ಹಳೆಯ ಒಡವೆಗಳಲ್ಲಿ ಇದು ಸಾಮಾನ್ಯ, ಬೆಸುಗೆ ಜಾಸ್ತಿ ಇರುತ್ತದೆ. 20 ಕ್ಯಾರೆಟ್‌ನ 12 ಗ್ರಾಂ ಅಂದರೆ 22 ಕ್ಯಾರೆಟ್ ಲೆಕ್ಕದಲ್ಲಿ 10.9 ಗ್ರಾಂ. ಬೆಲೆ ಸುಮಾರು 98,000. ಬಳೆಗೆ ಕಳೆಯುವುದು ಏನೂ ಇಲ್ಲ, 1,44,000. ಎರಡೂ ಸೇರಿ 2,42,000. ಮನೆಯ ಲೆಕ್ಕಕ್ಕೂ ಅವರ ಲೆಕ್ಕಕ್ಕೂ 28,000 ವ್ಯತ್ಯಾಸ. ಇದರಲ್ಲಿ ಮೋಸ ಏನೂ ಇಲ್ಲ. ಆದರೆ ಮೊದಲೇ ಗೊತ್ತಿಲ್ಲದಿದ್ದರೆ ಕೌಂಟರಿನ ಮುಂದೆ ಗಾಬರಿಯಾಗಿ, ಸಿಕ್ಕ ಮಾತಿಗೆ ಹೂಂ ಅನ್ನುವಂತಾಗುತ್ತದೆ.

ಆದ್ದರಿಂದ ಹೊರಡುವ ಮೊದಲು ಪರಿಚಯದ ಅಂಗಡಿಯಲ್ಲಿ ಒಂದೊಂದೇ ಒಡವೆ ತೂಗಿಸಿ, ಬರೆದಿಟ್ಟುಕೊಳ್ಳಿ. ಎರಡೂ ಬದಿಯ ಫೋಟೋ ತೆಗೆಯಿರಿ. ಹೊಸ ಒಡವೆಯಾದರೆ ಒಳಬದಿಯಲ್ಲಿ ಆರು ಅಕ್ಷರ–ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಇರುತ್ತದೆ, ಅದನ್ನೂ ಬರೆಯಿರಿ. ಬಿಡಿಸಿಕೊಂಡು ಬರುವಾಗ ಇದು ನಿಮ್ಮದೇ ಬಳೆ ಅಂತ ಹೇಳುವ ಗುರುತು ಅದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬಹಳ ವರ್ಷದ ಹಿಂದೆ ಚಿಕ್ಕಮ್ಮ ಪೇಟೆಯ ಒಂದು ಗಿರವಿ ಅಂಗಡಿಯಲ್ಲಿ ಜುಮುಕಿ ಇಟ್ಟು 10,000 ತಂದಿದ್ದರು. ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮೂರು ವರ್ಷ ಕಟ್ಟಲಾಗಲಿಲ್ಲ. ತಿಂಗಳಿಗೆ 300ರ ಹಾಗೆ 36 ತಿಂಗಳಿಗೆ ಬಡ್ಡಿಯೇ 10,800 ಆಗಿತ್ತು, ಅಸಲಿಗಿಂತ ಹೆಚ್ಚು. ಹೇಗೋ ದುಡ್ಡು ಹೊಂದಿಸಿಕೊಂಡು ಹೋದರೆ ಒಡವೆ ಮುಳುಗಿಹೋಗಿದೆ ಅಂದರು. ಕೈಯಲ್ಲಿದ್ದ ಚೀಟಿಯಲ್ಲಿ ಬರೆದಿದ್ದು "ಜುಮುಕಿ 1 ಜೊತೆ" ಅಷ್ಟೇ. ತೂಕ ಇಲ್ಲ, ಕ್ಯಾರೆಟ್ ಇಲ್ಲ, ಗಡುವಿನ ತಾರೀಖು ಇಲ್ಲ. ಏನಂತ ಕೇಳುವುದು? ಅದು ಅವರ ಮದುವೆಯಲ್ಲಿ ಅಜ್ಜಿ ಕೊಟ್ಟ ಜುಮುಕಿ. ಈಗಲೂ ಆ ಮಾತು ಬಂದರೆ ಸುಮ್ಮನಾಗಿಬಿಡುತ್ತಾರೆ.

ಮೂರನೆಯದು: ಎಷ್ಟು ಸಿಗುತ್ತದೆ, ಎಷ್ಟು ತಗೋಬೇಕು

ಬ್ಯಾಂಕು, ಸಹಕಾರಿ ಬ್ಯಾಂಕು, ಚಿನ್ನದ ಸಾಲದ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊಸ ನಿಯಮ ಹೊರಡಿಸಿತು. 2026ರ ಏಪ್ರಿಲ್ 1ರ ಹೊತ್ತಿಗೆ ಎಲ್ಲರೂ ಅದಕ್ಕೆ ಹೊಂದಿಕೊಳ್ಳಬೇಕು ಅಂತ ಗಡುವು ಕೊಟ್ಟಿತು. ಮನೆಖರ್ಚು, ಫೀಸು, ಆಸ್ಪತ್ರೆಯಂಥ ಕೆಲಸಕ್ಕೆ ತೆಗೆಯುವ ಸಾಲ ಎರಡೂವರೆ ಲಕ್ಷದವರೆಗೆ ಇದ್ದರೆ ಚಿನ್ನದ ಬೆಲೆಯ ಶೇಕಡಾ 85ರವರೆಗೆ ಕೊಡಬಹುದು. ಅಲ್ಲಿಂದ ಐದು ಲಕ್ಷದವರೆಗೆ 80. ಅದರ ಮೇಲೆ 75.

ಇಲ್ಲೊಂದು ಸೂಕ್ಷ್ಮ ಇದೆ. ಅಸಲು, ಬಡ್ಡಿ ಎರಡನ್ನೂ ಕೊನೆಗೆ ಒಟ್ಟಿಗೆ ಕಟ್ಟುವ ಸಾಲವಾದರೆ, ಆ 85 ಅನ್ನುವುದು ಇವತ್ತು ಕೈಗೆ ಬರುವ ದುಡ್ಡಿಗಲ್ಲ. ಗಡುವಿನ ದಿನ ಕಟ್ಟಬೇಕಾದ ಒಟ್ಟು ಮೊತ್ತಕ್ಕೆ. ಚಿಕ್ಕಮ್ಮನ 2,42,000ದ ಚಿನ್ನಕ್ಕೆ ಆ ಮಿತಿ 2,05,700. ವರ್ಷಕ್ಕೆ ಶೇಕಡಾ 10 ಬಡ್ಡಿ ಹಿಡಿದರೆ ಇವತ್ತು ಸಿಗುವುದು 1,87,000.

ಇಷ್ಟು ಸಿಗುತ್ತದೆ ಅಂದಕೂಡಲೇ ಮನಸ್ಸು ಓಡುತ್ತದೆ. "ಬೇಕಾದ್ರೆ ಇನ್ನೂ ಎಂಬತ್ತು ಸಾವಿರ ತಗೊಳ್ಳಿ ಅಮ್ಮ, ಲಿಮಿಟ್ ಇದೆ" ಅಂತ ಅವರೂ ಹೇಳುತ್ತಾರೆ. ದಯವಿಟ್ಟು ಬೇಡ. ಯಾಕೆ ಅಂತ ಒಂದು ಲೆಕ್ಕ ನೋಡಿ. ಪೂರ್ತಿ 1,87,000 ತೆಗೆದರೆ ವರ್ಷದ ಕೊನೆಗೆ 2,05,700 ಕಟ್ಟಬೇಕು. ಅಷ್ಟರಲ್ಲಿ ಚಿನ್ನದ ಬೆಲೆ ಶೇಕಡಾ 15 ಇಳಿದರೆ, ಒಡವೆಯ ಬೆಲೆಯೂ 2,05,700ಕ್ಕೇ ಬಂದು ನಿಲ್ಲುತ್ತದೆ. ಸಾಲವೂ ಅಷ್ಟೇ, ಒಡವೆಯೂ ಅಷ್ಟೇ. ಬೆಲೆ ಅದಕ್ಕಿಂತ ಮೊದಲೇ ಇಳಿಯತೊಡಗಿದರೆ ಫೋನ್ ಬರುತ್ತದೆ: ಸ್ವಲ್ಪ ದುಡ್ಡು ಕಟ್ಟಿ, ಇಲ್ಲಾ ಇನ್ನಷ್ಟು ಚಿನ್ನ ತನ್ನಿ. ಚಿನ್ನದ ಬೆಲೆ ಇಳಿಯುವುದೇ ಇಲ್ಲ ಅನ್ನುವವರು 2013ರ ಏಪ್ರಿಲ್ ನೆನಪು ಮಾಡಿಕೊಳ್ಳಬೇಕು. ಆಗ ಕೆಲವೇ ದಿನಗಳಲ್ಲಿ ದೊಡ್ಡ ಕುಸಿತ ಆಗಿತ್ತು.

ಬರೀ ಬಳೆ ಇಟ್ಟು 60,000 ತೆಗೆದರೆ? ವರ್ಷ ಬಿಟ್ಟರೂ ಕಟ್ಟಬೇಕಾದದ್ದು 66,000. ಬಳೆಯ ಬೆಲೆ 1,44,000. ಚಿನ್ನ ಅರ್ಧಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಭಯ. ರಾತ್ರಿ ನಿದ್ದೆ ಬರುವ ಸಾಲ ಇದು.

ನೀವು ಎಲ್ಲ ಒಡವೆಯನ್ನೂ ಇಡಲೇಬೇಕಾದರೆ ಒಂದು ಕೆಲಸ ಮಾಡಿ. ಒಂದೇ ಸಾಲದ ಖಾತೆಗೆ ಎಲ್ಲವನ್ನೂ ಸೇರಿಸಬೇಡಿ. ಬಳೆಗೆ ಒಂದು, ಸರಕ್ಕೆ ಒಂದು ಅಂತ ಎರಡು ಖಾತೆ ಕೇಳಿ. ಒಂದೇ ಖಾತೆಯಾದರೆ ಮುಕ್ಕಾಲು ಪಾಲು ಸಾಲ ತೀರಿಸಿದರೂ ಒಂದು ಒಡವೆಯೂ ಹೊರಗೆ ಬರದೆ ಇರಬಹುದು. ಬೇರೆ ಬೇರೆ ಆದರೆ ಒಂದನ್ನು ತೀರಿಸಿದ ದಿನ ಅದನ್ನು ಬಿಡಿಸಿಕೊಳ್ಳಬಹುದು. ಚಾರ್ಜು ಎರಡು ಸಲ ಬೀಳಬಹುದು, ಬೀಳಲಿ.

ನಾಲ್ಕನೆಯದು: ಬಡ್ಡಿಯನ್ನು ಒಂದೇ ಭಾಷೆಗೆ ತನ್ನಿ

ಬ್ಯಾಂಕಿನವರು ವರ್ಷಕ್ಕೆ ಇಷ್ಟು ಪರ್ಸೆಂಟ್ ಅನ್ನುತ್ತಾರೆ. ಗಿರವಿ ಅಂಗಡಿಯವರು ನೂರಕ್ಕೆ ಇಷ್ಟು ರೂಪಾಯಿ ಅನ್ನುತ್ತಾರೆ, ಅದು ತಿಂಗಳಿಗೆ. ಸಂಘದಲ್ಲೂ ತಿಂಗಳ ಲೆಕ್ಕ. ಕಂಪನಿಯ ಬೋರ್ಡಿನಲ್ಲಿ "ತಿಂಗಳಿಗೆ ಕೇವಲ ಇಷ್ಟು" ಅಂತ ಇರುತ್ತದೆ. ಎಲ್ಲವನ್ನೂ ಒಂದು ಲಕ್ಷಕ್ಕೆ, ಒಂದು ವರ್ಷಕ್ಕೆ, ರೂಪಾಯಿಯಲ್ಲಿ ಎಷ್ಟು ಅಂತ ಮಾಡಿಕೊಳ್ಳಿ. ನಾವು ವಿಚಾರಿಸಿದಾಗ ಸಿಕ್ಕ ದರಗಳಿಗೆ ಆ ಲೆಕ್ಕ ಹೀಗೆ ಬಂತು.

ಬ್ಯಾಂಕು ಶೇಕಡಾ 10 ಅಂದಿತು. ವರ್ಷಕ್ಕೆ ಸುಮಾರು 10,000, ಜೊತೆಗೆ ಚಿನ್ನ ಪರೀಕ್ಷೆಯ ಚಾರ್ಜು 500.

ಒಂದು ಕಂಪನಿ ನೂರಕ್ಕೆ ಒಂದು ರೂಪಾಯಿ ಅಂದಿತು. ವರ್ಷಕ್ಕೆ 12,000 ಅಲ್ವಾ, ಪರವಾಗಿಲ್ಲ ಅನ್ನಿಸಿತು. ಆದರೆ ಸ್ಕೀಮಿನ ಹಾಳೆ ಓದಿದರೆ ಅದು ಪ್ರತಿ ತಿಂಗಳೂ ತಪ್ಪದೆ ಬಡ್ಡಿ ಕಟ್ಟುವವರಿಗೆ ಮಾತ್ರ. ತಪ್ಪಿದರೆ ದರ ಮೆಟ್ಟಿಲು ಹತ್ತುತ್ತಾ ಹೋಗಿ, ವರ್ಷಪೂರ್ತಿ ಏನೂ ಕಟ್ಟದಿದ್ದರೆ ಮೊದಲ ದಿನದಿಂದಲೇ ಶೇಕಡಾ 24. ಅದೂ ಬಡ್ಡಿಗೆ ಬಡ್ಡಿ ಸೇರಿಸಿ. ಹಾಗೆ ಲೆಕ್ಕ ಹಾಕಿದರೆ ಒಂದು ಲಕ್ಷಕ್ಕೆ 26,800. ಒಂದೇ ಸಾಲ, ಒಂದೇ ಬೋರ್ಡು, ಎರಡು ಬೇರೆ ಬಡ್ಡಿ. ಆದ್ದರಿಂದ ಅಲ್ಲಿ ಕೇಳಬೇಕಾದ ಪ್ರಶ್ನೆ "ಬಡ್ಡಿ ಎಷ್ಟು" ಅನ್ನುವುದಲ್ಲ. "ನಾನು ವರ್ಷವಿಡೀ ಒಂದು ರೂಪಾಯಿಯೂ ಕಟ್ಟದೆ ಕೊನೆಯ ದಿನ ಬಂದರೆ ಒಟ್ಟು ಎಷ್ಟು ಕಟ್ಟಬೇಕು? ಬರೆದುಕೊಡಿ" ಅಂತ ಕೇಳಿ. ಆ ಒಂದು ಅಂಕಿ ಎಲ್ಲವನ್ನೂ ಹೇಳುತ್ತದೆ.

ಗಿರವಿ ಅಂಗಡಿಯದು ನೂರಕ್ಕೆ ಮೂರು. ವರ್ಷಕ್ಕೆ 36,000. ಮೊದಲ ತಿಂಗಳ ಬಡ್ಡಿ ಮುರಿದುಕೊಂಡೇ ಕೊಡುವುದರಿಂದ ಕೈಗೆ ಬರುವುದು 97,000, ಬಡ್ಡಿ ಮಾತ್ರ ಒಂದು ಲಕ್ಷಕ್ಕೆ. ತಿಂಗಳ ಮೇಲೆ ಎರಡು ದಿನ ಆದರೂ ಇನ್ನೊಂದು ತಿಂಗಳ ಬಡ್ಡಿ ಹಿಡಿಯುವ ಅಂಗಡಿಗಳೂ ಇವೆ. ರಾತ್ರಿ ಒಂಬತ್ತಕ್ಕೂ ಬಾಗಿಲು ತೆಗೆದು ಐದು ನಿಮಿಷದಲ್ಲಿ ದುಡ್ಡು ಕೊಡುತ್ತಾರೆ ಅನ್ನುವುದು ನಿಜ. ಆಸ್ಪತ್ರೆಯ ತುರ್ತಿಗೆ ಅಲ್ಲಿಗೇ ಹೋಗಬೇಕಾಗಿ ಬಂದರೆ ತಪ್ಪಲ್ಲ. ಕರ್ನಾಟಕದ 1961ರ ಗಿರವಿದಾರರ ಕಾಯ್ದೆಯ ಪ್ರಕಾರ ಅವರಿಗೆ ಲೈಸೆನ್ಸ್ ಇರಬೇಕು. ಲೈಸೆನ್ಸ್ ನೋಡಿ, ತೂಕ ಮತ್ತು ಗಡುವು ಬರೆದ ಚೀಟಿ ತಗೊಳ್ಳಿ. ಮುಂದಿನ ವಾರವೇ ಬ್ಯಾಂಕಿನ ಸಾಲಕ್ಕೆ ಬದಲಾಯಿಸಿಕೊಳ್ಳಿ.

ಐದನೆಯದು: ಸಂಘದ ಸಾಲದ ನಿಜವಾದ ಖರ್ಚು

ಚಿಕ್ಕಮ್ಮನ ಸಂಘದಲ್ಲಿ 15 ಜನ. ವಾರಕ್ಕೆ 50 ರೂಪಾಯಿ ಉಳಿತಾಯ. ಆ ಹೊತ್ತಿಗೆ 270 ವಾರ ಕಟ್ಟಿದ್ದರು. ಒಬ್ಬೊಬ್ಬರದು 13,500, ಎಲ್ಲರದೂ ಸೇರಿ 2,02,500. ಅದರ ಮೇಲೆ ಒಳಸಾಲದಿಂದ ಬಂದ ಬಡ್ಡಿ. ಅವರು ಬರೆದುಕೊಂಡ ಕಟ್ಟಳೆಯ ಪ್ರಕಾರ ಒಬ್ಬರಿಗೆ ತಮ್ಮ ಉಳಿತಾಯದ ಮೂರು ಪಟ್ಟು ಸಾಲ ಸಿಗುತ್ತದೆ. ಅಂದರೆ ಸುಮಾರು 40,000. ಬಡ್ಡಿ ನೂರಕ್ಕೆ ಎರಡು.

ವರ್ಷಕ್ಕೆ ಶೇಕಡಾ 24! ಬ್ಯಾಂಕಿನ ಎರಡೂವರೆ ಪಟ್ಟಿನ ಹತ್ತಿರ. "ಮತ್ತೆ ಸಂಘ ಯಾಕೆ?" ಅಂತ ನಾನೂ ಕೇಳಿದೆ. ಲೆಕ್ಕ ಹಾಕಿದ ಮೇಲೆ ಉತ್ತರ ಸ್ವಲ್ಪ ಬೇರೆಯಾಯಿತು.

40,000ವನ್ನು ಹತ್ತು ಕಂತಿನಲ್ಲಿ, ತಿಂಗಳಿಗೆ 4,000 ಅಸಲು ಕಟ್ಟುತ್ತಾ ಹೋದರೆ ಬಡ್ಡಿ ಉಳಿದ ಬಾಕಿಗೆ ಮಾತ್ರ. ಮೊದಲ ತಿಂಗಳು 40,000ಕ್ಕೆ 800, ಎರಡನೇ ತಿಂಗಳು 36,000ಕ್ಕೆ 720. ಹೀಗೆ ಇಳಿಯುತ್ತಾ ಕೊನೆಯ ತಿಂಗಳು 80. ಎಲ್ಲ ಸೇರಿ 4,400. ಮೊದಲ ಕಂತು 4,800, ಕೊನೆಯದು 4,080. ಡೈರಿಯ ದುಡ್ಡಿನಲ್ಲಿ ಇದು ಆಗುತ್ತದೆ.

ಆದರೆ ಒಂದು ಎಚ್ಚರ. ಬ್ಯಾಂಕಿನಲ್ಲಿ 40,000ಕ್ಕೆ ವರ್ಷಕ್ಕೆ 4,000 ಬಡ್ಡಿ, ಸಂಘದಲ್ಲಿ 4,400, ಹೆಚ್ಚುಕಮ್ಮಿ ಒಂದೇ ಅಂತ ಹೇಳುವವರಿದ್ದಾರೆ. ಅದು ಸರಿಯಲ್ಲ. ಸಂಘದ ದುಡ್ಡು ತಿಂಗಳು ತಿಂಗಳು ನಿಮ್ಮ ಕೈ ಬಿಟ್ಟು ಹೋಗುತ್ತಿರುತ್ತದೆ. ಹೋಲಿಸಬೇಕಾದರೆ ಚಿನ್ನದ ಸಾಲಕ್ಕೂ ಹೀಗೇ ತಿಂಗಳಿಗೆ 4,000 ಕಟ್ಟುತ್ತಾ ಬಂದರೆ ಎಷ್ಟು ಅಂತ ನೋಡಬೇಕು. ಅದು ಸುಮಾರು 1,830. ಅಂದರೆ ಸಂಘದ ಸಾಲ 2,570 ರೂಪಾಯಿ ದುಬಾರಿ, ಇದನ್ನು ಮುಚ್ಚಿಡಬಾರದು.

ಇದೇ ಲೆಕ್ಕದಲ್ಲಿ ಇನ್ನೊಂದು ಬಲೆಯೂ ಕಾಣುತ್ತದೆ. ಯಾರಾದರೂ "ನೂರಕ್ಕೆ ಒಂದೇ ರೂಪಾಯಿ, ಫ್ಲಾಟ್" ಅಂದರೆ ಕಂತು ಕಟ್ಟುತ್ತಾ ಹೋದರೂ ಬಡ್ಡಿ ಪೂರ್ತಿ 40,000ಕ್ಕೇ ಬೀಳುತ್ತದೆ ಅಂತ ಅರ್ಥ. ಹತ್ತು ತಿಂಗಳಿಗೆ 4,000. ಸಂಘದ ನೂರಕ್ಕೆ ಎರಡಕ್ಕೂ ಅದಕ್ಕೂ ಇರುವ ವ್ಯತ್ಯಾಸ ಬರೀ 400. ಫ್ಲಾಟ್ ಅನ್ನುವ ಮಾತು ಕೇಳಿದರೆ ದರವನ್ನು ಮನಸ್ಸಿನಲ್ಲೇ ಹತ್ತಿರ ಹತ್ತಿರ ಎರಡು ಪಟ್ಟು ಮಾಡಿಕೊಳ್ಳಿ.

ಹಾಗಾದರೆ ಚಿಕ್ಕಮ್ಮ ಸಂಘದ ಸಾಲ ಯಾಕೆ ತಗೊಂಡರು? ಅವರ ಮಾತಲ್ಲೇ ಹೇಳುತ್ತೇನೆ: "ಬ್ಯಾಂಕಲ್ಲಿ ತಿಂಗಳು ತಿಂಗಳು ಕಟ್ಟು ಅಂತ ಯಾರೂ ಕೇಳಲ್ಲ ಕಣೇ. ಕೇಳದೇ ಇದ್ರೆ ನಾನು ಕಟ್ಟಲ್ಲ. ಸಂಘದಲ್ಲಿ ಶುಕ್ರವಾರ ಹದಿನಾಲ್ಕು ಜನ ನನ್ನ ಮುಖ ನೋಡ್ತಾರೆ." ತನ್ನನ್ನು ತಾನು ಬಲ್ಲವರ ಮಾತು ಅದು. ಆ 2,570 ರೂಪಾಯಿ ಸಾಲ ಖಂಡಿತ ಮುಗಿಯಲಿ ಅನ್ನುವುದಕ್ಕೆ ಕೊಟ್ಟ ಬೆಲೆ. ಸರ ಮನೆಯಲ್ಲೇ ಉಳಿಯಿತು, ನಾಳೆ ತುರ್ತು ಬಂದರೆ ಇಡಲು ಅದೊಂದು ಇದೆ. ಅವರು ಕಟ್ಟಿದ 4,400 ಊರು ಬಿಟ್ಟು ಹೋಗುವುದಿಲ್ಲ, ಸಂಘದ ನಿಧಿಗೇ ಸೇರುತ್ತದೆ. ಅದರಲ್ಲಿ ಹದಿನೈದರಲ್ಲಿ ಒಂದು ಪಾಲು, ಅಂದರೆ 290ರಷ್ಟು, ಅವರದೇ. ಉಳಿದ ಹದಿನಾಲ್ಕು ಜನ ಸಾಲ ತಗೊಂಡಾಗ ಕಟ್ಟುವ ಬಡ್ಡಿಯಲ್ಲೂ ಅವರಿಗೆ ಪಾಲಿದೆ. ಅದು ಅವರ ಉಳಿತಾಯಕ್ಕೆ ಬರುವ ಫಲ.

ನಿಮಗೆ ಬ್ಯಾಂಕಿಗೆ ಹೋಗಿ ತಪ್ಪದೆ ಕಟ್ಟುವ ಶಿಸ್ತು ಇದ್ದರೆ, ಅವಧಿಗೆ ಮೊದಲು ಬಿಡಿ ಬಿಡಿಯಾಗಿ ಕಟ್ಟಲು ಬ್ಯಾಂಕು ಒಪ್ಪಿದರೆ, ಪೂರ್ತಿ ಚಿನ್ನದ ಮೇಲೆ ತೆಗೆಯುವುದೇ ಅಗ್ಗ. ಇದು ಮನುಷ್ಯನಿಂದ ಮನುಷ್ಯನಿಗೆ ಬೇರೆ.

ಆರನೆಯದು: ಅದು ನಿಜವಾಗಿ ನಿಮ್ಮ ಸಂಘವೇ?

ನಮ್ಮ ಹಳ್ಳಿಗಳಲ್ಲಿ ಈಗ ಎಲ್ಲಕ್ಕೂ "ಸಂಘ" ಅಂತಾರೆ. ಮೈಕ್ರೋಫೈನಾನ್ಸ್ ಕಂಪನಿಯವರು ಐದಾರು ಜನರನ್ನು ಸೇರಿಸಿ ಕೊಡುವ ಸಾಲವೂ ಸಂಘ, ಸ್ತ್ರೀಶಕ್ತಿಯದೂ ಸಂಘ. ಎರಡೂ ಒಂದಲ್ಲ. 1980ರ ದಶಕದಲ್ಲಿ ಕರ್ನಾಟಕದಲ್ಲೇ ಮೈರಾಡ ಸಂಸ್ಥೆ ಹಳ್ಳಿಯ ಜನರ ಜೊತೆ ಇಂಥ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. ಸ್ವಸಹಾಯ ಸಂಘದ ಬೇರು ಉಳಿತಾಯ. ಮೊದಲು ನೀವು ಕೂಡಿಡುತ್ತೀರಿ, ಆಮೇಲೆ ಅದೇ ದುಡ್ಡನ್ನು ನಿಮ್ಮೊಳಗೆ ಸಾಲ ಕೊಡುತ್ತೀರಿ. ಬಡ್ಡಿ ಎಷ್ಟು ಅಂತ ತೀರ್ಮಾನಿಸುವವರೂ ನೀವೇ. ಕಂಪನಿಯ ಗುಂಪಿನಲ್ಲಿ ಉಳಿತಾಯ ಇಲ್ಲ, ಬಡ್ಡಿ ಹೊರಗೆ ಹೋಗುತ್ತದೆ, ಒಬ್ಬರು ಕಟ್ಟದಿದ್ದರೆ ಉಳಿದವರ ಮನೆ ಮುಂದೆ ಬಂದು ಕೂರುತ್ತಾರೆ. ಆ ಕಿರುಕುಳ ಮಿತಿಮೀರಿದಾಗಲೇ 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆ ತಂದದ್ದು.

ಗುರುತಿಸುವುದು ಸುಲಭ. ಉಳಿತಾಯದ ಪಾಸ್‌ಬುಕ್ ಯಾರ ಹೆಸರಲ್ಲಿದೆ ಅಂತ ಕೇಳಿ. ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ಇದ್ದು, ನಡಾವಳಿ ಪುಸ್ತಕ, ಸಾಲದ ಲೆಡ್ಜರ್ ನಿಮ್ಮೂರಲ್ಲೇ ಇದ್ದರೆ ಅದು ನಿಮ್ಮದು.

ನಮ್ಮದೇ ಸಂಘದಲ್ಲೂ ಕೆಡುವುದಿದೆ. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಸಾಲ ತೆಗೆಯುವುದು ಎಲ್ಲಕ್ಕಿಂತ ಕೆಟ್ಟದ್ದು. "ನಿನ್ನ ಹೆಸರಲ್ಲಿ ತಗೊಡು, ನಾನು ಕಟ್ಟುತ್ತೀನಿ" ಅಂತ ನಾದಿನಿಯೇ ಕೇಳಿದರೂ ಬೇಡ ಅನ್ನಬೇಕು. ಎರಡನೆಯದು, ಪುಸ್ತಕ ಬರೆಯುವವರೇ ದುಡ್ಡನ್ನೂ ಇಟ್ಟುಕೊಳ್ಳುವುದು. ಸಂಘದ ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ಬ್ಯಾಂಕಿನಲ್ಲಿ ಎಂಟ್ರಿ ಮಾಡಿಸಿ, ಸಭೆಯಲ್ಲಿ ಜೋರಾಗಿ ಓದಿಸಿ. ಪುಸ್ತಕದ ಬಾಕಿಗೂ ಪಾಸ್‌ಬುಕ್ಕಿನ ಬಾಕಿಗೂ ತಾಳೆಯಾಗಬೇಕು. ಎರಡು ತಿಂಗಳು "ಪಾಸ್‌ಬುಕ್ ಬ್ಯಾಂಕಲ್ಲೇ ಇದೆ" ಅಂತ ಉತ್ತರ ಬಂದರೆ ಮೂರನೇ ತಿಂಗಳಿಗೆ ಕಾಯಬೇಡಿ, ನಾಲ್ಕು ಜನ ಸೇರಿ ಬ್ಯಾಂಕಿಗೇ ಹೋಗಿ.

ಸಂಘಕ್ಕೆ ಬ್ಯಾಂಕಿನಿಂದ ದೊಡ್ಡ ಸಾಲ ಬೇಕಾದರೆ, ಸಂಜೀವಿನಿ ಅಂದರೆ ರಾಷ್ಟ್ರೀಯ ಜೀವನೋಪಾಯ ಯೋಜನೆಯಡಿ 20 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಸಂಘದ ಉಳಿತಾಯ ಖಾತೆಯನ್ನು ತಡೆಹಿಡಿಯುವಂತೆಯೂ ಇಲ್ಲ. ಯಾರಾದರೂ ಸಂಘದ ಸಾಲಕ್ಕೆ ನಿಮ್ಮ ಬಳೆ ಕೇಳಿದರೆ ಅಲ್ಲೇ ನಿಲ್ಲಿಸಿ.

ಏಳನೆಯದು: ಕೌಂಟರಿನ ಮುಂದೆ

ಚಿಕ್ಕಮ್ಮ ಬಳೆ ಇಟ್ಟು 60,000, ಸಂಘದಿಂದ 40,000 ಅಂತ ತೀರ್ಮಾನ ಮಾಡಿದರು. ಸೋಮವಾರ ಬ್ಯಾಂಕಿಗೆ ನಾನೂ ಜೊತೆಗೆ ಹೋದೆ.

ತೂಕ, ಪರೀಕ್ಷೆ ನಿಮ್ಮ ಕಣ್ಣೆದುರೇ ನಡೆಯಬೇಕು. ಇದು ನಿಯಮ, ಕೇಳಲು ಸಂಕೋಚ ಬೇಡ. ಒಡವೆಯನ್ನು ಒಳಗಿನ ರೂಮಿಗೆ ತಗೊಂಡು ಹೋಗುತ್ತೇನೆ ಅಂದರೆ ನೀವೂ ಎದ್ದು ಹೋಗಿ. ಪರೀಕ್ಷೆಯಾದ ಮೇಲೆ ಕೊಡುವ ಚೀಟಿಯಲ್ಲಿ ಒಟ್ಟು ತೂಕ, ಕಲ್ಲು–ಅರಗಿಗೆ ಕಳೆದ ತೂಕ, ನಿವ್ವಳ ತೂಕ, ಕ್ಯಾರೆಟ್, ಕಟ್ಟಿದ ಬೆಲೆ ಇರಬೇಕು. ಒಡವೆಯಲ್ಲಿ ಮೊದಲೇ ಬಿರುಕು, ಸೊಟ್ಟ ಇದ್ದರೆ ಅದನ್ನೂ ಬರೆಸಿ. ಬೆಲೆ ಕಟ್ಟುವುದು ಆ ದಿನದ ಅಂಗಡಿ ರೇಟಿಗಲ್ಲ. ಹಿಂದಿನ 30 ದಿನದ ಸರಾಸರಿ, ಹಿಂದಿನ ದಿನದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ. ಆದ್ದರಿಂದ ಬೆಲೆ ಏರುತ್ತಿರುವ ತಿಂಗಳಲ್ಲಿ ಪೇಪರಿನ ರೇಟಿಗಿಂತ ಕಡಿಮೆ ಬಂದರೆ ಜಗಳ ಬೇಡ.

ಸಹಿ ಹಾಕುವ ಮೊದಲು ಕರಾರನ್ನು ಕನ್ನಡದಲ್ಲಿ ಕೇಳಿ. ನಿಮಗೆ ಗೊತ್ತಿರುವ ಭಾಷೆಯಲ್ಲಿ ತಿಳಿಸುವುದು ಅವರ ಹೊಣೆ. ಓದಲು ಬಾರದವರಿಗೆ ಮುಖ್ಯ ಷರತ್ತುಗಳನ್ನು ಸಾಕ್ಷಿಯ ಮುಂದೆ ವಿವರಿಸಬೇಕು. ಗಡುವಿನ ತಾರೀಖು, ಅವತ್ತು ಕಟ್ಟಬೇಕಾದ ಮೊತ್ತ, ಮೊದಲೇ ಕಟ್ಟಿದರೆ ಚಾರ್ಜು ಇದೆಯೇ ಅನ್ನುವುದು, ಈ ಮೂರನ್ನು ಚೀಟಿಯ ಹಿಂದೆ ನಿಮ್ಮ ಕೈಯಲ್ಲೇ ಬರೆದುಕೊಳ್ಳಿ. ಕೊನೆಗೆ ಒಟ್ಟಿಗೆ ಕಟ್ಟುವ ಇಂಥ ಸಾಲ 12 ತಿಂಗಳಿಗೆ ಮಾತ್ರ. ಮುಂದುವರಿಸಬೇಕಾದರೆ ಅಷ್ಟರವರೆಗಿನ ಬಡ್ಡಿ ಕಟ್ಟಲೇಬೇಕು.

ಕಟ್ಟಲಾಗದಿದ್ದರೆ

ಕೊಬ್ಬರಿ ಬೆಲೆ ಬಿದ್ದರೆ? ಮಗನಿಗೆ ಹುಷಾರು ತಪ್ಪಿದರೆ? ಇದನ್ನೂ ಮಾತಾಡಿಕೊಂಡೆವು. ಗಡುವಿಗೆ ಎರಡು ತಿಂಗಳು ಇರುವಾಗಲೇ ದುಡ್ಡು ಆಗುವುದಿಲ್ಲ ಅನ್ನಿಸಿದರೆ, ಒಂದು ಬಳೆಯನ್ನು ನಾವೇ ಮಾರಿ ಇನ್ನೊಂದನ್ನು ಉಳಿಸಿಕೊಳ್ಳುವುದು ಅಂತ. ಹರಾಜಿಗೆ ಬಿಡುವುದಕ್ಕಿಂತ ಅದು ಎಷ್ಟೋ ಮೇಲು. ಹರಾಜಿನಲ್ಲಿ ಕನಿಷ್ಠ ಬೆಲೆಯನ್ನು ಅವತ್ತಿನ ಬೆಲೆಯ ಶೇಕಡಾ 90ಕ್ಕೆ ಇಡುತ್ತಾರೆ. ಎರಡು ಸಲ ಹೋಗದಿದ್ದರೆ 85ಕ್ಕೆ ಇಳಿಸಬಹುದು. ಖರ್ಚು ಬೇರೆ.

ಹರಾಜಿಗೆ ಮೊದಲು ನೋಟಿಸ್ ಕೊಡಲೇಬೇಕು. ಆದ್ದರಿಂದ ಫೋನ್ ನಂಬರ್, ವಿಳಾಸ ಬದಲಾದರೆ ಬ್ಯಾಂಕಿಗೆ ಹೋಗಿ ತಿಳಿಸಿ. ನೋಟಿಸ್ ಹಳೆಯ ಮನೆಗೆ ಹೋಗಿ ಬಳೆ ಕಳೆದುಕೊಂಡವರಿದ್ದಾರೆ. ಹರಾಜಾದರೂ ಸಾಲ ಕಳೆದು ಉಳಿದ ದುಡ್ಡು ನಿಮ್ಮದು. ಏಳು ಕೆಲಸದ ದಿನದೊಳಗೆ ಕೊಡಬೇಕು. ಬಹಳ ಜನ ಬೇಜಾರಿನಲ್ಲಿ ಅದನ್ನು ಕೇಳುವುದೇ ಇಲ್ಲ. ಕೇಳಿ.

ಬಿಡಿಸಿಕೊಳ್ಳುವ ದಿನ

ಜನವರಿಯಲ್ಲಿ ಕೊಬ್ಬರಿ ಮಾರಾಟವಾಯಿತು. ಏಳು ತಿಂಗಳಿಗೆ ಬಳೆಯ ಸಾಲದ ಬಡ್ಡಿ 3,500. ಸಂಘದ ಸಾಲದಲ್ಲಿ ಇನ್ನು ಮೂರು ಕಂತು ಉಳಿದಿತ್ತು, ಒಂದೂ ತಪ್ಪಿರಲಿಲ್ಲ. ಕೊನೆಯವರೆಗೆ ಲೆಕ್ಕ ಹಾಕಿದರೆ ಬಡ್ಡಿ 7,900, ಚಾರ್ಜು 500, ಒಟ್ಟು 8,400. ಎಲ್ಲವನ್ನೂ ಗಿರವಿ ಅಂಗಡಿಯಲ್ಲಿ ಇಟ್ಟು ವರ್ಷ ಬಿಟ್ಟಿದ್ದರೆ 36,000 ಆಗುತ್ತಿತ್ತು. ಬ್ಯಾಂಕಿನಲ್ಲೇ ಪೂರ್ತಿ ಇಟ್ಟು ಬಿಡಿ ಬಿಡಿಯಾಗಿ ಕಟ್ಟಿದ್ದರೆ 5,800ರಲ್ಲಿ ಮುಗಿಯುತ್ತಿತ್ತು ಅನ್ನುವುದೂ ನಿಜ.

ಸಾಲ ತೀರಿಸಿದ ದಿನವೇ, ಹೆಚ್ಚೆಂದರೆ ಏಳು ಕೆಲಸದ ದಿನದೊಳಗೆ ಒಡವೆ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಕೊಡದಿದ್ದರೆ ಮೊದಲು ಅವರಿಗೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಸರಿಯಾಗದಿದ್ದರೆ ರಿಸರ್ವ್ ಬ್ಯಾಂಕಿನ cms.rbi.org.in ನಲ್ಲಿ ದೂರು ದಾಖಲಿಸಬಹುದು. ವಿಚಾರಿಸಲು 14448ಕ್ಕೆ ಫೋನ್ ಮಾಡಿ. ಗಿರವಿ ಅಂಗಡಿಗೆ ಈ ದಾರಿ ಇಲ್ಲ, ಅದು ರಾಜ್ಯದ ಸಹಕಾರ ಇಲಾಖೆಯ ಕೆಳಗೆ ಬರುತ್ತದೆ.

ಪೊಟ್ಟಣದ ಸೀಲು ನಿಮ್ಮ ಮುಂದೆಯೇ ಒಡೆಯಬೇಕು. ಅಲ್ಲೇ ತೂಗಿಸಿ, ಫೋಟೋ ಜೊತೆ ಹೋಲಿಸಿ, ಆಮೇಲೆ ಸಹಿ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಬಳೆಯ ಒಳಬದಿಯ ಸಂಖ್ಯೆಯನ್ನು ಒಂದೊಂದೇ ಅಕ್ಷರವಾಗಿ ಓದಿದರು, ನಾನು ಹಾಳೆ ಹಿಡಿದು ಹೂಂ ಅನ್ನುತ್ತಾ ಹೋದೆ. ತೂಕ 16 ಗ್ರಾಂ ಬಂತು. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು "ಹಿಂಗೆಲ್ಲ ನೋಡ್ಬೋದಾ ಅಕ್ಕ?" ಅಂತ ಕೇಳಿದರು. ಚಿಕ್ಕಮ್ಮ ಬಳೆ ಕೈಗೆ ಹಾಕಿಕೊಳ್ಳುತ್ತಾ, ಅವರ ಚೀಟಿಯನ್ನು ತಗೊಂಡು, ಗಡುವಿನ ತಾರೀಖು ಎಲ್ಲಿದೆ ಅಂತ ತೋರಿಸತೊಡಗಿದರು.